ಕುಂಡದ ನೀರು, ಕೆಳಗಿನ ಬಟ್ಟೆ

ಮಗೂ, ಮೇಲಿನ ಮನೆಯವರಿಗೆಂದು ಬರೆದ ಸಂದೇಶವನ್ನು ಕಳಿಸುವ ಮೊದಲು ನನಗೆ ತೋರಿಸಿದ್ದು ಒಳ್ಳೆಯದಾಯಿತು. ಬೆಂಗಳೂರಿನಲ್ಲಿ ಇದು ನೀನು ಬಾಡಿಗೆಗೆ ಹಿಡಿದ ಮೊದಲ ಮನೆ. ನಿನ್ನದು ಎರಡನೆಯ ಮಹಡಿ, ಅವರದು ಮೂರನೆಯದು. ಅವರ ರೇಲಿಂಗಿನ ಹೊರಗೆ ಸಾಲಾಗಿ ಕುಂಡಗಳು ತೂಗುತ್ತಿವೆ, ಅವುಗಳ ನೇರ ಕೆಳಗೆ ನಿನ್ನ ಬಟ್ಟೆಯ ತಂತಿ. ಆಫೀಸಿಗೆಂದು ಒಗೆದು ಹಾಕಿದ ಬಿಳಿ ಅಂಗಿಯ ಹೆಗಲ ಮೇಲೆ ಕಂದು ಕಲೆ ನೋಡಿದಾಗ ನಿನಗೆ ಸಿಟ್ಟು ಬಂದದ್ದು ನ್ಯಾಯವೇ. ಆದರೆ ಸಿಟ್ಟು ತೀರಿಸಿಕೊಳ್ಳುವುದಕ್ಕೂ ನೀರು ನಿಲ್ಲಿಸುವುದಕ್ಕೂ ಬೇರೆ ಬೇರೆ ಸಂದೇಶ ಬೇಕಾಗುತ್ತದೆ. ನಿನಗೆ ಬೇಕಾದದ್ದು ಎರಡನೆಯದು. ನಾನೂ ವರ್ಷಗಟ್ಟಲೆ ಬಾಲ್ಕನಿಯಲ್ಲಿ ಗಿಡ ಬೆಳೆಸಿದವಳು. ಹಾಗಾಗಿ ಮೇಲಿನ ಮನೆಯವರ ಕಡೆಯಿಂದಲೂ ಇದನ್ನು ನೋಡಿ ನಿನಗೆ ನಾಲ್ಕು ಮಾತು ಹೇಳುತ್ತೇನೆ.

ಮೊದಲು, ಬೀಳುತ್ತಿರುವುದು ಕುಂಡದ ನೀರೇ ಎಂದು ಖಚಿತ ಮಾಡಿಕೊ. ಅಪಾರ್ಟ್‌ಮೆಂಟಿನಲ್ಲಿ ಮೇಲಿನಿಂದ ಬೀಳುವ ನೀರಿಗೆ ಮೂಲಗಳು ಹಲವು, ನೀರನ್ನು ನೋಡಿದರೆ ಯಾವುದೆಂದು ಬಹುಮಟ್ಟಿಗೆ ತಿಳಿಯುತ್ತದೆ. ಎಸಿಯ ಪೈಪಿನಿಂದ ಬರುವ ನೀರು ತಿಳಿಯಾಗಿರುತ್ತದೆ. ಮಧ್ಯಾಹ್ನ ಅಥವಾ ರಾತ್ರಿ, ಎಸಿ ಓಡುವಷ್ಟು ಹೊತ್ತೂ, ಒಂದೇ ಜಾಗದಲ್ಲಿ ಒಂದೇ ಸಮನೆ ತೊಟ್ಟಿಕ್ಕುತ್ತದೆ. ಬಾಲ್ಕನಿ ತೊಳೆದ ನೀರಾದರೆ ಒಮ್ಮೆಲೇ ಧಾರೆಯಾಗಿ ಬಂದು ನಿಂತುಬಿಡುತ್ತದೆ, ಸೋಪಿನ ನೊರೆಯೂ ಇರಬಹುದು. ಕುಂಡದ ನೀರು ಕಂದಾಗಿರುತ್ತದೆ. ಒಣಗಿದ ಮೇಲೆ ಬಟ್ಟೆಯಲ್ಲಿ ಮಣ್ಣಿನ ಸಣ್ಣ ಕಣಗಳು ಕೈಗೆ ಸಿಗುತ್ತವೆ. ಗಿಡಕ್ಕೆ ನೀರು ಹಾಕಿದ ಕೆಲವು ನಿಮಿಷಗಳಲ್ಲಿ ಶುರುವಾಗಿ, ಸ್ವಲ್ಪ ಹೊತ್ತು ಹನಿದು, ತಾನೇ ನಿಲ್ಲುತ್ತದೆ.

ಮತ್ತೊಂದನ್ನೂ ನೋಡು. ನೀರು ನಾಲ್ಕನೆಯ ಮಹಡಿಯಿಂದಲೂ ಬರುತ್ತಿರಬಹುದು. ಅಲ್ಲಿಂದ ಬಿದ್ದ ನೀರು ಮೂರನೆಯವರ ರೇಲಿಂಗಿಗೆ ತಾಗಿ ಕೆಳಗಿಳಿದರೆ ನಿನ್ನ ಕಣ್ಣಿಗೆ ಮೂರನೆಯವರದೇ ತಪ್ಪಾಗಿ ಕಾಣುತ್ತದೆ. ಎರಡು ಮೂರು ಬೆಳಗ್ಗೆ, ನೀರು ಬೀಳುವ ಹೊತ್ತಿಗೆ ಕೆಳಗೆ ಹೋಗಿ ಅಂಗಳದಿಂದ ತಲೆಯೆತ್ತಿ ನೋಡು. ಯಾವ ಕುಂಡದ ಬುಡದಿಂದ ಇಳಿಯುತ್ತಿದೆ, ಎಷ್ಟು ಹೊತ್ತಿಗೆ ಇಳಿಯುತ್ತಿದೆ ಎನ್ನುವುದನ್ನು ಮನಸ್ಸಿನಲ್ಲಿಟ್ಟುಕೊ. ಈ ಎರಡು ವಿವರವಿದ್ದರೆ ನಿನ್ನ ಸಂದೇಶ ಮಾಹಿತಿಯಾಗುತ್ತದೆ, ಇಲ್ಲದಿದ್ದರೆ ಬರೀ ಅನುಮಾನವಾಗುತ್ತದೆ. ಮಳೆ ಬಂದ ದಿನದ ನೀರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ಮಳೆ ನಿಂತ ಮೇಲೂ ಕುಂಡಗಳು ಬಹಳ ಹೊತ್ತು ಹನಿಯುತ್ತವೆ, ಅದಕ್ಕೆ ಅವರು ಹೊಣೆಯಲ್ಲ.

ಇನ್ನು, ಆ ನೀರು ಯಾಕೆ ಬೀಳುತ್ತದೆ ಎನ್ನುವುದನ್ನು ತಿಳಿದುಕೊ. ಇದು ತಿಳಿಯದೆ ಬರೆದ ಸಂದೇಶ ಹದ ತಪ್ಪುತ್ತದೆ. ಕುಂಡದ ತಳದಲ್ಲಿ ತೂತು ಇರಲೇಬೇಕು. ನೀರು ಒಳಗೇ ನಿಂತರೆ ಬೇರಿಗೆ ಗಾಳಿಯಾಡದೆ ಬೇರು ಕೊಳೆಯುತ್ತದೆ. ತಳದ ತೂತಿನಿಂದ ನೀರು ಹನಿಯುವವರೆಗೆ ಹಾಕಬೇಕು, ಆಗ ಬೇರಿಗೆಲ್ಲ ನೀರು ತಲುಪಿತೆಂದು ಅರ್ಥ. ಗಿಡ ಸಾಕುವವರು ಒಬ್ಬರಿಗೊಬ್ಬರು ಹೇಳಿಕೊಡುವುದು ಇದನ್ನೇ. ಅಂದರೆ ನಿನ್ನ ಅಂಗಿಯ ಮೇಲೆ ಬಿದ್ದ ಹನಿ ಅವರ ಅಸಡ್ಡೆಯ ಗುರುತಲ್ಲ. ಅವರು ಗಿಡವನ್ನು ಸರಿಯಾಗಿಯೇ ನೋಡಿಕೊಳ್ಳುತ್ತಿದ್ದಾರೆ, ಹೆಚ್ಚಾದ ನೀರು ಇಳಿಯುವ ಜಾಗ ಮಾತ್ರ ಸರಿಯಿಲ್ಲ.

ಬೇಸಿಗೆಯಲ್ಲಿ ಇದು ಇನ್ನೂ ಜೋರಾಗುತ್ತದೆ. ಈಗ ಎಲ್ಲರೂ ಕುಂಡ ಹಗುರವಾಗಲೆಂದು ಮಣ್ಣಿಗೆ ಕೋಕೋಪೀಟ್, ಎರೆಗೊಬ್ಬರ ಬೆರೆಸುತ್ತಾರೆ. ಇಂಥ ಮಿಶ್ರಣ ಚೆನ್ನಾಗಿ ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಗ ಒಂದು ಮಗ್ ನೀರು ಹಾಕಿದರೆ ಅದು ಆ ಸಂದಿನಲ್ಲೇ ಜಾರಿ ಸೀದಾ ತಳದಿಂದ ಹೊರಬೀಳುತ್ತದೆ. ಗಿಡವೂ ನೆನೆಯುವುದಿಲ್ಲ, ನಿನ್ನ ಬಟ್ಟೆಯೂ ಉಳಿಯುವುದಿಲ್ಲ. ನೀರಿಗೆ ಚಹಾದಂಥ ಬಣ್ಣ ಬರುವುದು ಕೋಕೋಪೀಟಿನ ನಾರಿನ ಒಗರಿನಿಂದ, ಕೆಂಪು ಬಣ್ಣ ಬರುವುದು ಕೆಮ್ಮಣ್ಣಿನಿಂದ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನೀರು ಹಾಕುವವರಿಗೆ ಇದು ಯಾವುದೂ ಕಾಣುವುದಿಲ್ಲ. ಅವರು ನೋಡುವುದು ಗಿಡದ ತಲೆಯನ್ನು. ನೀರು ತಳದಿಂದ ಇಳಿಯುವಷ್ಟರಲ್ಲಿ ಅವರು ಮಗ್ ಇಟ್ಟು ಅಡುಗೆಮನೆಗೆ ಹೋಗಿರುತ್ತಾರೆ. ರೇಲಿಂಗಿನ ಹೊರಗೆ ತೂಗುವ ಕುಂಡದ ಬುಡ ಬಾಲ್ಕನಿಯಲ್ಲಿ ನಿಂತವರ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಅವರಿಗೆ ಕಾಣದ ಒಂದು ಸಂಗತಿಯನ್ನು ಕಾಣುವಂತೆ ಮಾಡುವುದು ನಿನ್ನ ಸಂದೇಶದ ಕೆಲಸ. ಅವರ ಮೇಲೆ ತಪ್ಪು ಹೊರಿಸುವುದು ಅದರ ಕೆಲಸವಲ್ಲ.

ಈಗ ನೀನು ಬರೆದದ್ದನ್ನು ನೋಡೋಣ. "ಮೇಡಂ, ದಯವಿಟ್ಟು ಗಿಡಗಳಿಗೆ ಎಚ್ಚರಿಕೆಯಿಂದ ನೀರು ಹಾಕಿ. ದಿನಾ ನಮ್ಮ ಬಟ್ಟೆ ಹಾಳಾಗ್ತಿದೆ. ಕೆಳಗೂ ಜನ ಇದ್ದಾರೆ ಅನ್ನೋದು ಸ್ವಲ್ಪ ಗಮನದಲ್ಲಿರಲಿ."

ದಯವಿಟ್ಟು ಎಂದಿದ್ದೀಯ, ಬಹುವಚನವೂ ಇದೆ. ಆದರೂ ಇದು ವಿನಯದ ಮಾತಲ್ಲ. ಎಚ್ಚರಿಕೆಯಿಂದ ಹಾಕಿ ಎಂದರೆ ಇಷ್ಟು ದಿನ ನಿಮಗೆ ಎಚ್ಚರವಿರಲಿಲ್ಲ ಎಂದಂತಾಯಿತು. ದಿನಾ ಎಂದಿದ್ದೀಯ, ಅವರು ದಿನ ಬಿಟ್ಟು ದಿನ ನೀರು ಹಾಕುವವರಾದರೆ "ನಿನ್ನೆ ನಾನು ನೀರೇ ಹಾಕಿಲ್ಲವಲ್ಲ" ಎನ್ನುತ್ತಾರೆ. ಅಲ್ಲಿಗೆ ಜಗಳ ಆ ಒಂದು ಮಾತಿನ ಮೇಲೆ ತಿರುಗಿಕೊಂಡು ಅಸಲು ಸಂಗತಿ ಬದಿಗೆ ಬೀಳುತ್ತದೆ. ಕೊನೆಯ ವಾಕ್ಯವಂತೂ ಶುದ್ಧ ಕೊಂಕು. ಓದಿದವರಿಗೆ ಮೊದಲೆರಡು ವಾಕ್ಯ ಮರೆತುಹೋಗಿ ಅದೊಂದೇ ಮನಸ್ಸಿನಲ್ಲಿ ಉಳಿಯುತ್ತದೆ. ಇದೆಲ್ಲಕ್ಕಿಂತ ದೊಡ್ಡ ಕೊರತೆ ಏನೆಂದರೆ, ಅವರು ಏನು ಮಾಡಬೇಕೆಂದು ನೀನು ಹೇಳಿಯೇ ಇಲ್ಲ. ಎಚ್ಚರಿಕೆಯಿಂದ ನೀರು ಹಾಕಿದರೂ ನೀರು ತೂತಿನಿಂದ ಇಳಿದೇ ಇಳಿಯುತ್ತದೆ. "ಕಡಿಮೆ ನೀರು ಹಾಕಿ" ಎಂದೂ ಕೇಳಬೇಡ. ಗಿಡ ಒಣಗಿಸಿ ಎಂದು ಕೇಳಿದಂತೆ ಅವರಿಗೆ ಕೇಳಿಸುತ್ತದೆ, ಅದು ಅವರಿಂದ ಆಗುವ ಕೆಲಸವೂ ಅಲ್ಲ.

ನಾನಾದರೆ ಹೀಗೆ ಬರೆಯುತ್ತಿದ್ದೆ:

"ನಮಸ್ಕಾರ ಮೇಡಂ. ನಾನು ನಿಮ್ಮ ಕೆಳಗಿನ ಮನೆ, 203ರಲ್ಲಿ ಇದ್ದೀನಿ. ಬೆಳಗ್ಗೆ ಏಳೂವರೆ, ಎಂಟರ ಹೊತ್ತಿಗೆ ರೇಲಿಂಗ್ ಹೊರಗಿರೋ ಕುಂಡಗಳಿಂದ ನೀರು ಇಳಿದು, ನಾವು ಒಣಹಾಕಿರೋ ಬಟ್ಟೆ ಮೇಲೆ ಬೀಳ್ತಿದೆ. ಮೇಲಿಂದ ನಿಮಗೆ ಕಾಣಿಸ್ತಿರಲಿಕ್ಕಿಲ್ಲ, ಅದಕ್ಕೇ ತಿಳಿಸ್ತಿದ್ದೀನಿ. ಆ ಕುಂಡಗಳನ್ನ ರೇಲಿಂಗ್ ಒಳಗಡೆಗೆ ತೂಗುಹಾಕೋಕೆ ಆಗುತ್ತಾ? ಅದು ಕಷ್ಟ ಅನ್ನಿಸಿದ್ರೆ ನೀರು ಹಾಕೋ ಹೊತ್ತು ಹೇಳಿ, ಅಷ್ಟು ಹೊತ್ತು ನಾನು ಬಟ್ಟೆ ಒಳಗೆ ತಗೋತೀನಿ. ಸಂಜೆ ಏಳರ ಮೇಲೆ ಮನೇಲಿರ್ತೀನಿ, ಬೇಕಿದ್ರೆ ಮೇಲೆ ಬಂದು ಮಾತಾಡ್ತೀನಿ."

ಕೆಳಗೆ ನಿನ್ನ ಹೆಸರು ಹಾಕು. ಹೆಸರಿಲ್ಲದ ದೂರು ಯಾರಿಗೂ ಹಿಡಿಸುವುದಿಲ್ಲ.

ಈ ಸಂದೇಶದ ಒಂದೊಂದು ಮಾತಿಗೂ ಕಾರಣವಿದೆ. ಮೊದಲು ನೀನು ಯಾರು, ಯಾವ ಮನೆ ಎನ್ನುವುದು ಬಂತು. ಆಮೇಲೆ ಯಾವ ಹೊತ್ತು, ಯಾವ ಜಾಗ, ಏನು ಬೀಳುತ್ತಿದೆ ಎನ್ನುವುದು ಬಂತು. ಅಲ್ಲಿ ನೀರು ಬೀಳುತ್ತಿದೆಯೇ ಹೊರತು ನೀವು ಬೀಳಿಸುತ್ತಿದ್ದೀರಿ ಎಂದಿಲ್ಲ. ಕಾಣಿಸುತ್ತಿರಲಿಕ್ಕಿಲ್ಲ ಎಂಬ ಮಾತು ಬರಿಯ ಮುಲಾಜಿನದಲ್ಲ, ನಿಜವಾದ ಮಾತು. "ಅಯ್ಯೋ, ನನಗೆ ಗೊತ್ತೇ ಇರಲಿಲ್ಲ" ಎಂದು ಅವರು ಮಾನ ಕಳೆದುಕೊಳ್ಳದೆ ಒಪ್ಪಿಕೊಳ್ಳುವುದಕ್ಕೆ ಅದು ದಾರಿ ಮಾಡಿಕೊಡುತ್ತದೆ. ಬೇಡಿಕೆ ಒಂದೇ ಇದೆ, ಮಾಡಬಹುದಾದದ್ದೂ ಹೌದು. ಅದು ಆಗದಿದ್ದರೆ ನಿನ್ನ ಪಾಲಿನ ಕೆಲಸವನ್ನೂ ನೀನೇ ಹೇಳಿದ್ದೀಯ. ತಾನೂ ಒಂದಿಷ್ಟು ತೊಂದರೆ ತೆಗೆದುಕೊಳ್ಳಲು ಸಿದ್ಧನಿರುವವನ ಮಾತನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ.

ಅಂಗಿಯ ಬೆಲೆ, ಕಲೆಯ ಫೋಟೊ, ಹಿಂದೆ ಎಷ್ಟು ಸಲ ಹೀಗಾಯಿತು ಎಂಬ ಪಟ್ಟಿ ಈ ಮೊದಲ ಸಂದೇಶದಲ್ಲಿ ಬೇಡ. ಕಲೆಯ ಫೋಟೊ ಕಳಿಸಿದರೆ ಪರಿಹಾರ ಕೇಳುತ್ತಿದ್ದೀಯೆಂದು ಅವರು ತಿಳಿಯುತ್ತಾರೆ. ಫೋಟೊ ಕಳಿಸಲೇಬೇಕೆನಿಸಿದರೆ, ಕೆಳಗಿನಿಂದ ಕಾಣುವ ಕುಂಡದ ಬುಡದ್ದನ್ನು ಕಳಿಸು. ಯಾವ ಕುಂಡ ಎಂದು ಗುರುತಿಸಲು ಅದು ಅವರಿಗೆ ಉಪಯೋಗಕ್ಕೆ ಬರುತ್ತದೆ.

ಅವರನ್ನು ಏನೆಂದು ಕರೆಯಬೇಕೆಂದು ನೀನು ಕೇಳಿದ್ದೆ. ಲಿಫ್ಟಿನಲ್ಲಿ ಸಿಕ್ಕಾಗ ಆಂಟಿ ಎಂದು ಮಾತಾಡಿಸುವ ರೂಢಿಯಿದ್ದರೆ ಇಲ್ಲಿಯೂ ಆಂಟಿ ಎಂದೇ ಬರೆ. ದೂರು ಹೇಳುವಾಗ ಮಾತ್ರ ಇದ್ದಕ್ಕಿದ್ದಂತೆ ಮೇಡಂ ಎಂದರೆ ಬಿಗುಮಾನವಾಗಿ ಕಾಣುತ್ತದೆ. ಪರಿಚಯವೇ ಇಲ್ಲದಿದ್ದರೆ ಮೇಡಂ, ಸರ್ ಸಾಕು. ಮುಖ ಪರಿಚಯವೂ ಇಲ್ಲದ ಸಣ್ಣ ವಯಸ್ಸಿನವರನ್ನು ಆಂಟಿ ಎಂದು ಕರೆದರೆ ಅದೇ ಒಂದು ಬೇಸರಕ್ಕೆ ಕಾರಣವಾಗುತ್ತದೆ. ಅವರಿಗೆ ಕನ್ನಡ ಓದಲು ಬರದಿದ್ದರೆ ಅವರಿಗೆ ಸಲೀಸಾದ ಭಾಷೆಯಲ್ಲಿ ಇದನ್ನೇ ಬರೆ. ಕೆಲಸ ಆಗಬೇಕಾದರೆ ಮಾತು ಮೊದಲು ಅರ್ಥವಾಗಬೇಕು.

ಸಂದೇಶವನ್ನು ಅವರೊಬ್ಬರಿಗೇ ಕಳಿಸು. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಬೇಡ, "ಯಾರೋ ಒಬ್ಬರು" ಎಂದು ಹೆಸರು ಮರೆಸಿಯೂ ಹಾಕಬೇಡ. ಮೂರನೆಯ ಮಹಡಿಯ ಆ ಬದಿಯಲ್ಲಿ ಯಾರ ಮನೆಯಿದೆ ಎಂದು ಎಲ್ಲರಿಗೂ ಗೊತ್ತು. ನೂರು ಮನೆಯವರ ಮುಂದೆ ಹೆಸರು ಕೆಟ್ಟವರು ಕುಂಡವನ್ನು ಒಳಗಿಡುವ ಮೊದಲು ತಮ್ಮ ಮರ್ಯಾದೆ ಉಳಿಸಿಕೊಳ್ಳಲು ನೋಡುತ್ತಾರೆ. ಅವರ ನಂಬರು ನಿನ್ನ ಬಳಿ ಇಲ್ಲದಿದ್ದರೆ ಕಾವಲುಗಾರರಿಂದ ಇಂಟರ್‌ಕಾಮಿನಲ್ಲಿ ಕೇಳಿಸು, ಇಲ್ಲವೇ ಸಂಜೆ ಮೇಲೆ ಹೋಗಿ ಬಾಗಿಲು ತಟ್ಟಿ ಇದೇ ಮಾತನ್ನು ಬಾಯಲ್ಲಿ ಹೇಳು. ವಯಸ್ಸಾದವರಿದ್ದರೆ ಹೋಗಿ ಹೇಳುವುದೇ ಮೇಲು. ಬಟ್ಟೆ ಒದ್ದೆಯಾದ ಗಳಿಗೆಯಲ್ಲೇ ಟೈಪ್ ಮಾಡಬೇಡ. ಬೆಳಗಿನ ಗಡಿಬಿಡಿಯಲ್ಲಿ ಓದುವವರಿಗೂ ತಾಳ್ಮೆ ಇರುವುದಿಲ್ಲ. ಸಂಜೆ ಕಳಿಸು.

ಕಳಿಸಿದ ಮೇಲೆ ಏನಾಗುತ್ತದೆ ಎನ್ನುವುದಕ್ಕೂ ಸಿದ್ಧನಾಗಿರು. "ಸಾರಿ, ಗೊತ್ತಿರಲಿಲ್ಲ, ತಟ್ಟೆ ಇಡ್ತೀವಿ" ಎಂಬ ಉತ್ತರ ಬರುವುದೇ ಹೆಚ್ಚು. ಇಲ್ಲೊಂದು ಎಚ್ಚರ ಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಷ್ಟದ ಜಾಗ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿಕೊಂಡಿರುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆಯಾದರೂ ತಿಕ್ಕಿ ತೊಳೆಯಬೇಕು. ಇದನ್ನು ಅವರಿಗೆ ಪಾಠವಾಗಿ ಹೇಳಬೇಡ. "ತಟ್ಟೆ ಇಟ್ರೆ ತುಂಬಾ ಉಪಕಾರ ಆಗುತ್ತೆ, ನೀರು ನಿಲ್ಲದ ಹಾಗೆ ನೋಡಿಕೊಂಡ್ರೆ ಸೊಳ್ಳೆ ಕಾಟಾನೂ ಇರಲ್ಲ" ಎಂದರೆ ಸಾಕು. ರೇಲಿಂಗಿಗೆ ತೂಗುವ ಕುಂಡಕ್ಕೆ ತಟ್ಟೆ ಕೂರುವುದೂ ಕಷ್ಟ, ಗಾಳಿಗೆ ಅದೇ ಬಿದ್ದರೆ ಕೆಳಗೆ ನಡೆಯುವವರಿಗೆ ಅಪಾಯ. ಅದಕ್ಕೇ ನಾನು ಒಳಗಡೆಗೆ ತೂಗುಹಾಕುವ ಮಾತನ್ನು ಮೊದಲು ಬರೆದದ್ದು. ಕುಂಡವನ್ನು ಬಿಚ್ಚಿ ಬಕೆಟಿನ ಮೇಲೋ ಬಚ್ಚಲಿನಲ್ಲೋ ಇಟ್ಟು ನೀರು ಹಾಕಿ, ಹನಿ ನಿಂತ ಮೇಲೆ ಮತ್ತೆ ತೂಗುಹಾಕುವವರೂ ಇದ್ದಾರೆ. ನಾಲ್ಕು ಕುಂಡವಿರುವವರಿಗೆ ಅದು ಆಗುತ್ತದೆ, ಇಪ್ಪತ್ತು ಇರುವವರಿಗೆ ಆಗುವುದಿಲ್ಲ. ಒಂದೇ ಸಲ ಸುರಿಯುವ ಬದಲು ಸ್ವಲ್ಪ ಹಾಕಿ, ಮಣ್ಣು ನೆನೆದ ಮೇಲೆ ಉಳಿದದ್ದನ್ನು ಹಾಕಿದರೂ ಹರಿದುಹೋಗುವ ನೀರು ಬಹಳ ಕಡಿಮೆಯಾಗುತ್ತದೆ. ಅವರಾಗಿ ಉಪಾಯ ಕೇಳಿದರೆ ಇವನ್ನು ಹೇಳು.

"ನಮ್ಮ ಮನೇದಲ್ಲ" ಎಂದು ಉತ್ತರ ಬಂದರೆ ವಾದಕ್ಕಿಳಿಯಬೇಡ. "ಹೌದಾ, ಹಾಗಿದ್ರೆ ನನ್ನ ಕಣ್ತಪ್ಪಿರಬಹುದು. ನಾಳೆ ಬೆಳಗ್ಗೆ ನೀರು ಬೀಳೋ ಹೊತ್ತಿಗೆ ಇಬ್ಬರೂ ಒಂದು ಸಲ ನೋಡೋಣವಾ?" ಎಂದು ಬರೆ. ನೀನು ಅಂಗಳದಲ್ಲಿ ನಿಂತು ನೋಡಿಕೊಂಡ ವಿವರ ಇಲ್ಲಿ ಕೆಲಸಕ್ಕೆ ಬರುತ್ತದೆ. ಇಬ್ಬರೂ ಒಟ್ಟಿಗೆ ನೋಡಿದ ಮೇಲೆ ಯಾರು ಸರಿ ಎಂಬ ಪ್ರಶ್ನೆ ಉಳಿಯುವುದಿಲ್ಲ.

ಉತ್ತರವೇ ಬರದಿದ್ದರೆ ನಾಲ್ಕೈದು ದಿನ ಬಿಡು. ಓದಿದ್ದಾರೆ, ಉತ್ತರ ಕೊಟ್ಟಿಲ್ಲ ಎಂದು ನೀಲಿ ಗೆರೆ ನೋಡಿಕೊಂಡು ಕೂರಬೇಡ. ಸುಮ್ಮನೆ ಕುಂಡ ಸರಿಸಿ, ಉತ್ತರ ಬರೆಯಲು ಸಂಕೋಚಪಟ್ಟವರೂ ಇರುತ್ತಾರೆ. ನೀರು ನಿಂತಿದ್ದರೆ ಉತ್ತರ ಬಂದಂತೆಯೇ. ನಿಲ್ಲದಿದ್ದರೆ ಎರಡನೆಯ ಸಂದೇಶ ಬರೆಯುವ ಬದಲು ಒಂದು ಸಂಜೆ ಹೋಗಿ ಭೇಟಿಯಾಗು. ಅಲ್ಲೂ ಕೆಲಸವಾಗದಿದ್ದರೆ ನಿನ್ನ ಮನೆಯ ಮಾಲೀಕರಿಗೆ ತಿಳಿಸಿ, ಅವರ ಮೂಲಕ ಅಸೋಸಿಯೇಷನ್ನಿನ ಕಾರ್ಯದರ್ಶಿಗೆ ಹೇಳಿಸು. ಬಹಳಷ್ಟು ಕಟ್ಟಡಗಳಲ್ಲಿ ಅಸೋಸಿಯೇಷನ್ನಿನ ನಿಯಮಾವಳಿ ಇರುತ್ತದೆ. ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಮಾಲೀಕತ್ವಕ್ಕೆಂದೇ 1972ರ ಕಾಯ್ದೆಯೂ ಇದೆ. ಆದರೆ ನಿಯಮದ ಪುಸ್ತಕ ತೆರೆಯುವ ಮೊದಲು ಅದರಲ್ಲಿ ಬಟ್ಟೆಯ ಬಗ್ಗೆ ಏನಿದೆ ಎಂದೂ ಓದಿಕೊ. ಬಾಲ್ಕನಿಯ ಹೊರಗೆ ಕಾಣುವಂತೆ ಬಟ್ಟೆ ಒಣಹಾಕಬಾರದು ಎಂಬ ನಿಯಮ ಹಲವು ಕಡೆ ಇದೆ. ನಿನ್ನ ತಂತಿ ರೇಲಿಂಗಿನ ಹೊರಗಿದ್ದರೆ ಮೊದಲು ಅದನ್ನು ಒಳಗೆ ತೆಗೆದುಕೊ. ಒಂದಡಿ ಒಳಗೆ ಬಂದರೆ ಅರ್ಧ ನೀರು ತಾನಾಗಿ ತಪ್ಪಲೂಬಹುದು.

ಈ ನಡುವೆ ಆ ಅಂಗಿಯನ್ನೂ ನೋಡಿಕೊ. ಹಸಿ ಮಣ್ಣನ್ನು ಉಜ್ಜಬೇಡ, ಉಜ್ಜಿದಷ್ಟೂ ನೂಲಿನೊಳಗೆ ಇಳಿಯುತ್ತದೆ. ಒಣಗಿದ ಮೇಲೆ ಕೊಡವಿ, ಬಟ್ಟೆಯನ್ನು ಮಗುಚಿ ಕಲೆಯ ಹಿಂಬದಿಯಿಂದ ತಣ್ಣೀರು ಬಿಡು, ಆಮೇಲೆ ಪೌಡರಿನಲ್ಲಿ ನೆನೆಸಿ ಒಗೆ. ಕೆಮ್ಮಣ್ಣಿನ ಕಲೆಗೆ ಬ್ಲೀಚ್ ಹಾಕಬೇಡ, ಅದರಲ್ಲಿರುವ ಕಬ್ಬಿಣದ ಅಂಶ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಮಾಡಬೇಡ, ಬಿಸಿ ತಾಗಿದ ಕಲೆ ಮತ್ತೆ ಬಿಡುವುದು ಕಷ್ಟ.

ನೀರು ನಿಂತ ಮೇಲೆ ಒಂದು ಸಾಲು ಬರೆಯುವುದನ್ನು ಮರೆಯಬೇಡ. "ಎರಡು ದಿನದಿಂದ ನೀರು ಬೀಳ್ತಿಲ್ಲ ಮೇಡಂ, ತುಂಬಾ ಥ್ಯಾಂಕ್ಸ್" ಎಂದರೆ ಸಾಕು. ದೂರು ಹೇಳುವವರು ಬಹಳ ಮಂದಿ, ಸರಿಹೋಯಿತು ಎಂದು ಹೇಳುವವರು ಕಡಿಮೆ. ಮುಂದೆ ಯಾವಾಗಲಾದರೂ ಅವರ ಮನೆಯ ಪೈಪು ಸೋರಿ ನೀನು ಮೇಲೆ ಹೋಗಬೇಕಾಗಿ ಬಂದರೆ, ಅವರು ಬಾಗಿಲು ತೆರೆಯುವ ರೀತಿ ಈ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಕಡೆಯದಾಗಿ ಒಂದು ಮಾತು. ಕಳಿಸುವ ಗುಂಡಿ ಒತ್ತುವ ಮೊದಲು ಬರೆದದ್ದನ್ನು ಒಮ್ಮೆ ಬಾಯಿಬಿಟ್ಟು ಓದು. ಅವರ ಬಾಗಿಲಲ್ಲಿ ಎದುರು ನಿಂತು, ಅವರ ಮುಖ ನೋಡಿಕೊಂಡು ಹೇಳಲಾಗದ ಮಾತು ಅದರಲ್ಲಿ ಒಂದಿದ್ದರೂ ಅದನ್ನು ತೆಗೆದುಹಾಕು. ಉಳಿದದ್ದನ್ನು ಧೈರ್ಯವಾಗಿ ಕಳಿಸು.